ಗೆಳೆಯನ ಆರತಕ್ಷತೆಯಲ್ಲಿ ಐದು ನಿಮಿಷ ಮಾತಾಡಬೇಕಂತೆ, ಕಾಲೆಳೆಯೋದು ಎಲ್ಲಿವರೆಗೆ ಸರಿ?

ಮಲೆನಾಡ್_ಮಳೆ
ಎಲ್ಲರಿಗೂ ನಮಸ್ಕಾರ. ನನ್ನ ಹಾಸ್ಟೆಲ್ ಗೆಳೆಯನ ಮದುವೆ ಶ್ರಾವಣದಲ್ಲಿ, ಹುಬ್ಬಳ್ಳಿಯಲ್ಲಿ. ಅವನ ಹೆಸರು ಇಲ್ಲಿ ಸೀನ ಅಂತ ಇಟ್ಕೊಳ್ಳಿ, ಹುಡುಗಿ ಪದ್ಮಾ. ಹುಡುಗಿ ಕಡೆಯವರು ಧಾರವಾಡದವರು. ಬೆಳಿಗ್ಗೆ ಧಾರೆ, ಸಂಜೆ ಒಂದು ಹೋಟೆಲಿನ ಹುಲ್ಲುಹಾಸಿನ ಮೇಲೆ ನೂರೈವತ್ತು ಜನರಿಗೆ ಊಟ. ಪದ್ಮಾ ತಂಗಿ ಫೋನ್ ಮಾಡಿ "ಅಣ್ಣಾ, ಸಿನಿಮಾದಾಗ ಮಾಡ್ತಾರಲ್ಲ, ಹಂಗ ನೀವೊಂದು ಟೋಸ್ಟ್ ಹೇಳ್ರಿ, ಐದು ನಿಮಿಷ ಅಷ್ಟ" ಅಂದಳು. ಒಪ್ಕೊಂಡುಬಿಟ್ಟೆ.

ಸದ್ಯಕ್ಕೆ ಬರೆದಿರೋದು ಇಷ್ಟು:

"ಎಲ್ಲರಿಗೂ ನಮಸ್ಕಾರ. ಇವತ್ತು ಸೀನನ ಸ್ವಾತಂತ್ರ್ಯದ ಕೊನೇ ದಿನ. ಅವನ ಬಗ್ಗೆ ಹೇಳೋಕೆ ಬಹಳ ಇದೆ, ಎಲ್ಲಾ ಹೇಳಿದ್ರೆ ಮದುವೆ ನಿಂತುಹೋಗುತ್ತೆ. ಕಾಲೇಜಲ್ಲಿ ಅವನು ಯಾರ ಹಿಂದೆ ಓಡಾಡ್ತಿದ್ದ ಅಂತ ಹೇಳಲ್ಲ. ಗೋಕರ್ಣ ಟ್ರಿಪ್‌ನಲ್ಲಿ ಏನಾಯ್ತು ಅಂತಲೂ ಹೇಳಲ್ಲ. ಗಣಿತದ ಎಂ-3 ಪೇಪರ್ ಮೂರು ಸಲ ಬರೆದ. ಯಾವತ್ತೂ ಟೈಮಿಗೆ ಬಂದವನಲ್ಲ. ಆದರೂ ಚಿನ್ನದಂಥ ಹುಡುಗ. ಇಬ್ಬರೂ ನೂರು ಕಾಲ ಸುಖವಾಗಿ ಬಾಳಲಿ."

ಓದಿದ್ರೆ ಒಂದು ನಿಮಿಷಕ್ಕೆ ಮುಗೀತಿದೆ. ನನಗೇ ನಗು ಬರ್ತಿಲ್ಲ. ಮುಂದಿನ ಸಾಲಲ್ಲಿ ಅವನ ಅಜ್ಜಿ, ಹುಡುಗಿಯ ಸೋದರಮಾವಂದಿರು ಎಲ್ಲಾ ಕೂತಿರ್ತಾರೆ. ಏನು ಮಾಡ್ಲಿ?

ತಿಪಟೂರ್_ತೆಂಗು
ಗೋಕರ್ಣದಲ್ಲಿ ಏನಾಯ್ತು ಮೊದಲು ಹೇಳಿ 😄

ಸವಿನುಡಿ_ಸೋಮಣ್ಣ
ತಮ್ಮ ಉಪಯೋಗಕ್ಕೆ ಸಿದ್ಧ ಭಾಷಣ ಇಲ್ಲಿದೆ, ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಬಳಸುತ್ತೇವೆ: "ವೇದಿಕೆಯ ಮೇಲೆ ಆಸೀನರಾಗಿರುವ ನೂತನ ವಧೂವರರೇ, ಉಭಯ ಕುಟುಂಬಗಳ ಹಿರಿಯರೇ, ಬಂಧು ಬಾಂಧವರೇ, ತಮಗೆಲ್ಲರಿಗೂ ಹಾರ್ದಿಕ ಸ್ವಾಗತ. ವಿವಾಹವೆಂಬುದು ಎರಡು ಜೀವಗಳ ಮಧುರ ಬೆಸುಗೆ..." ಮುಂದಿನ ಭಾಗ ಬೇಕಾದರೆ ಕಳಿಸುತ್ತೇನೆ. ವಂದನಾರ್ಪಣೆಯೂ ಇದೆ.

ಮಲೆನಾಡ್_ಮಳೆ
ಸೋಮಣ್ಣನವರೇ, ಸ್ವಾಗತ ಭಾಷಣ ಅಲ್ಲ ಸರ್. ಗೆಳೆಯನನ್ನ ಸ್ವಲ್ಪ ರೇಗಿಸಿ ಕೊನೆಗೆ ಹಾರೈಸೋದು.

ಸವಿನುಡಿ_ಸೋಮಣ್ಣ
ರೇಗಿಸುವುದೇಕೆ? ಶುಭ ಸಮಾರಂಭವಲ್ಲವೇ?

ಲಂಡನ್_ರಿಟರ್ನ್
ನಾನು ಅಲ್ಲಿ ಮೂರು ನಾಲ್ಕು ಮದುವೆ ನೋಡಿದೀನಿ. ಪದ್ಧತಿ ಹೀಗೆ: ಮೊದಲು ಹುಡುಗಿ ಅಪ್ಪ, ಆಮೇಲೆ ಮದುಮಗ, ಕೊನೆಗೆ ಬೆಸ್ಟ್ ಮ್ಯಾನ್. ಬೆಸ್ಟ್ ಮ್ಯಾನ್ ಕೆಲಸವೇ ಮದುಮಗನ ಮಾನ ಕಳೆಯೋದು. ಹದಿನೈದು ಇಪ್ಪತ್ತು ನಿಮಿಷ ಬಿಡದೆ ಉಗೀಬೇಕು. ಹಳೇ ಹುಡುಗಿ, ಕುಡಿದು ಬಿದ್ದಿದ್ದು, ಎಲ್ಲಾ ಬರಬೇಕು. ಅಳುಕಿದರೆ ಮಜಾ ಇಲ್ಲ. ನಿಮ್ಮ ಡ್ರಾಫ್ಟ್ ತೀರಾ ಸಪ್ಪೆ.

ಲೆಸ್ಟರ್_ಲೀಲಾ
ಸರದಿ ಸರಿ ಹೇಳಿದ್ರಿ, ಉಳಿದದ್ದು ಅಷ್ಟು ಸರಿಯಿಲ್ಲ. ನಾನು ಇಲ್ಲೇ ಇದೀನಿ. ಹದಿನೈದು ನಿಮಿಷ ಮಾತಾಡಿದ ಬೆಸ್ಟ್ ಮ್ಯಾನ್‌ನ ಇಲ್ಲೂ ಜನ ಶಪಿಸ್ತಾರೆ, ಯಾಕಂದ್ರೆ ಎಷ್ಟೋ ಕಡೆ ಅವನ ಮಾತು ಮುಗಿದ ಮೇಲೇ ಊಟ. ಐದಾರು ನಿಮಿಷಕ್ಕೆ ಮುಗಿಸಿದವನಿಗೇ ಚಪ್ಪಾಳೆ ಜಾಸ್ತಿ. ಹಳೇ ಹುಡುಗಿ ವಿಷಯ ಎತ್ತಬಾರದು ಅನ್ನೋದು ಇಲ್ಲೂ ಎಲ್ಲರಿಗೂ ಗೊತ್ತು. ಎತ್ತೋರು ಇದ್ದಾರೆ, ಆಮೇಲೆ ಮದುಮಗಳ ಮುಖ ನೋಡೋಕಾಗಲ್ಲ.

ಇನ್ನೊಂದು ವಿಷಯ. ಇಲ್ಲಿ ಬೆಸ್ಟ್ ಮ್ಯಾನ್ ಬರೀ ಭಾಷಣಕಾರ ಅಲ್ಲ. ಬೆಳಗಿನಿಂದ ಉಂಗುರ ಜೇಬಲ್ಲಿಟ್ಕೊಂಡು, ಮದುಮಗನಿಗೆ ಟೈ ಕಟ್ಟಿ, ಟ್ಯಾಕ್ಸಿ ಕರೆಸಿ ಓಡಾಡಿರ್ತಾನೆ. ಬಂದವರೆಲ್ಲ ಅವನನ್ನ ನೋಡಿರ್ತಾರೆ. ಅದಕ್ಕೇ ಅವನು ರೇಗಿಸಿದರೆ ಒಪ್ಪುತ್ತೆ. ನೀವು ಹುಡುಗಿ ಕಡೆಯವರಿಗೆ ಯಾರು ಅಂತಲೇ ಗೊತ್ತಿರಲ್ಲ. ಮೊದಲ ಎರಡು ವಾಕ್ಯದಲ್ಲಿ ನೀವು ಸೀನನಿಗೆ ಏನಾಗಬೇಕು ಅಂತ ಹೇಳಿ.

ಮೈಸೂರ್_ಪಾಕ್
ಲಂಡನ್ ಸಾಹೇಬರ ಮಾತು ಕೇಳಬೇಡಿ ದಯವಿಟ್ಟು. ನಮ್ಮಣ್ಣನ ರಿಸೆಪ್ಷನ್‌ನಲ್ಲಿ ಅವನ ಫ್ರೆಂಡ್ ಒಬ್ಬ ಮೈಕ್ ಹಿಡಿದು "ಫಸ್ಟ್ ಇಯರ್‌ನಲ್ಲಿ ಒಂದು ಹೆಸರು, ಸೆಕೆಂಡ್ ಇಯರ್‌ನಲ್ಲಿ ಇನ್ನೊಂದು ಹೆಸರು, ಕೊನೆಗೆ ಇವರೇ ಫೈನಲ್" ಅಂದ. ನಗಿಸೋಕೆ ಅಂದಿದ್ದು. ಅತ್ತಿಗೆ ನಕ್ಕರು ಕೂಡ. ಆದರೆ ಅವರ ದೊಡ್ಡಮ್ಮ ಊಟ ಬಿಟ್ಟು ಎದ್ದು "ಏನು ಹೆಸರು, ಯಾವ ಹೆಸರು" ಅಂತ ನಮ್ಮಮ್ಮನ್ನ ಹಿಡ್ಕೊಂಡ್ರು. ಬೀಗರ ಔತಣದಲ್ಲೂ ಅದೇ ಮಾತು. ಈಗಲೂ ಗಂಡ ಹೆಂಡತಿ ಜಗಳ ಆದಾಗ "ಸೆಕೆಂಡ್ ಇಯರ್" ಅನ್ನೋ ಪದ ಬರುತ್ತೆ.

ನಿರೂಪಕ_ಗದಗ
ನಾನು ಈ ಕಡೆ ಮದುವೆ, ನಿಶ್ಚಿತಾರ್ಥ, ನಾಮಕರಣಕ್ಕೆ ನಿರೂಪಣೆ ಮಾಡೋನು. ಗೆಳೆಯರ ಕೈಗೆ ಮೈಕ್ ಕೊಟ್ಟು ಪಕ್ಕದಾಗ ನಿಂತು ಬೆವರಿದ್ದು ಭಾಳ ಸಲ. ಅದರಿಂದ ತಿಳಿದಿದ್ದು ಹೇಳ್ತೀನಿ.

ನಿಮ್ಮ ಡ್ರಾಫ್ಟಿನ ದೊಡ್ಡ ತೊಂದರೆ "ಹೇಳಲ್ಲ" ಅನ್ನೋದು. "ಯಾರ ಹಿಂದೆ ಓಡಾಡಿದ ಅಂತ ಹೇಳಲ್ಲ" ಅಂದ್ರ ಹೇಳಿದ್ದಕ್ಕಿಂತ ಕೆಟ್ಟ ಆಗ್ತದ. ನೂರೈವತ್ತು ಮಂದಿ ನೂರೈವತ್ತು ಥರ ಊಹೆ ಮಾಡ್ತಾರ. ಗೋಕರ್ಣನೂ ಅಷ್ಟ. ಅಲ್ಲಿ ಏನೂ ಆಗಿರಲಿಕ್ಕಿಲ್ಲ, ಆದ್ರ ಮಾವನೋರ ತಲ್ಯಾಗ ಆಗಿಬಿಡ್ತದ. ಎರಡೂ ತೆಗೀರಿ. "ಸ್ವಾತಂತ್ರ್ಯದ ಕೊನೇ ದಿನ" ಅನ್ನೋದನ್ನೂ ತೆಗೀರಿ. ಅದು ಪ್ರತಿ ಮದುವ್ಯಾಗೂ ಯಾರಾದ್ರೂ ಹೇಳೋದ, ಮತ್ತ ಮದುಮಗಳನ್ನ ಜೈಲರ್ ಮಾಡ್ತದ.

ಹೊರಗಿನವರಿಗೆ ಅರ್ಥ ಆಗದ ಕಥೀಗೆ ಹಾಸ್ಟೆಲ್‌ನವರ ಟೇಬಲ್ ಒಂದ ನಗ್ತದ, ಉಳಿದವರು "ಏನಂದ?" ಅಂತ ಪಕ್ಕದವರನ್ನ ಕೇಳ್ತಾರ. ಹಂಗ ಕೇಳಿದ್ದು ಕಾಣಿಸ್ತು ಅಂದ್ರ ಆ ಕಥಿ ಅಲ್ಲೇ ಬಿಟ್ಟು ಮುಂದ ಹೋಗಬೇಕು, ವಿವರಿಸಾಕ ಕೂಡಬಾರದು.

ರೇಗಿಸೋಕೆ ಒಂದೇ ಗುಣ ಆರಿಸ್ಕೊಳ್ರಿ. ಎರಡೂ ಮನಿಯವರಿಗೂ ಈಗಾಗ್ಲೇ ಗೊತ್ತಿರೋ ಗುಣ ಆಗಿರಬೇಕು. ನಿಮ್ಮ ಪಟ್ಟಿಯೊಳಗ ಅಂಥಾದ್ದು ಒಂದ ಅದ, ಟೈಮಿಗೆ ಬರೂದಿಲ್ಲ ಅನ್ನೋದು. ಅದನ್ನ ಒಂದು ವಾಕ್ಯದಾಗ ಮುಗಿಸಿಬಿಟ್ಟೀರಿ. ಅದನ್ನ ಬಿಚ್ಚಿ ತೋರಿಸ್ರಿ. ಹೆಂಗ ತಡ ಮಾಡ್ತಾನ? ಏನು ಹೇಳ್ತಾನ? ಯಾವಾಗ?

ಮಲೆನಾಡ್_ಮಳೆ
ಗದಗದವರೇ, ಬಹಳ ಉಪಕಾರ. ತಡ ಅಂದ್ರೆ ಕಥೆಗಳಿಗೆ ಬರ ಇಲ್ಲ. "ಐದು ನಿಮಿಷ, ಬಂದೆ" ಅನ್ನೋದು ಅವನ ಮಂತ್ರ. ಐದು ನಿಮಿಷ ಅಂದ್ರೆ ಇನ್ನೂ ಸ್ನಾನಕ್ಕೇ ಹೋಗಿಲ್ಲ ಅಂತ. ಹುಡುಗಿ ನೋಡೋ ಶಾಸ್ತ್ರಕ್ಕೂ ತಡವಾಗಿ ಹೋದ. ಅಪ್ಪ ಅಮ್ಮ ಮೊದಲೇ ಹೋಗಿ ಕೂತಿದ್ದಾರೆ, ಇವನು ಬೈಕಲ್ಲಿ ಬರ್ತೀನಿ ಅಂತ ಹಿಂದೆ ಉಳಿದವನು. ಪದ್ಮಾನೇ "ಅವಲಕ್ಕಿ ಆರ್ತಾವ, ನೀವು ತಿನ್ರಿ" ಅಂತ ಎಲ್ಲರಿಗೂ ಕೊಟ್ಟು ತಾನೂ ತಿಂದಿದ್ದಾಳೆ. ಇವನು ಬಂದಾಗ ತಟ್ಟೆಯೆಲ್ಲ ಖಾಲಿ.

ಧಾರವಾಡದಾಕಿ
ಹಾಂ! ಇದ ನೋಡ್ರಿ ಕಥಿ! ನಿಮ್ಮ ಡ್ರಾಫ್ಟಿನ್ಯಾಗ ಪದ್ಮಾ ಎಲ್ಲಿ ಅದಾಳ? ಕೊನಿಗೆ "ಇಬ್ಬರೂ" ಅನ್ನೋದ್ರಾಗ ಅರ್ಧ ಪಾಲು ಅಷ್ಟ. ಆಕಿ ಕಡೆಯವರು ಎಪ್ಪತ್ತು ಎಂಬತ್ತು ಮಂದಿ ಕುಂತಿರ್ತಾರ, ಅವರಿಗೆ ಸೀನನ ಹಾಸ್ಟೆಲ್ ಕಟಗೊಂಡು ಏನಾಗಬೇಕು? ಅವಲಕ್ಕಿ ಕಥ್ಯಾಗ ಆಕಿ ಹೀರೋಯಿನ್. ಆಕಿ ಬುದ್ಧಿವಂತಿ ಅಂತ ಬಾಯಿಬಿಟ್ಟು ಹೇಳೂದ ಬ್ಯಾಡ, ಕೇಳಿದವರಿಗೆ ತಿಳೀತದ.

ಒಂದು ಮಾತು ಮಾತ್ರ. "ಆರ್ತಾವ, ತಿನ್ರಿ" ಅಂತ ನಮ್ಮ ಭಾಷಾ ಹೇಳೂವಾಗ ಸಿನಿಮಾದಾಗ ಮಾಡಿದಂಗ ಎಳದೆಳದು ಮಾಡಬ್ಯಾಡ್ರಿ. ನಿಮ್ಮ ಮಾತಿನ್ಯಾಗ ಹೇಳ್ರಿ ಸಾಕು. ನಮಗ ಸಿಟ್ಟು ಬರ್ತದ.

ತಿಪಟೂರ್_ತೆಂಗು
ಸಿಟ್ಟು ಯಾಕಮ್ಮಾ, ನಮ್ ಭಾಷೆನೂ ನೀವು ಆಡ್ಕೊತೀರ

ಧಾರವಾಡದಾಕಿ
ನಾವು ಆಡ್ಕೊಂಡಾಗ ನೀವು ಸಿಟ್ಟಾಗ್ರಿ, ಬ್ಯಾಡ ಅಂದವರ್ಯಾರು?

ನಿವೃತ್ತ_ಮೇಷ್ಟ್ರು
ಸೋಮಣ್ಣನವರು "ರೇಗಿಸುವುದೇಕೆ" ಎಂದಿದ್ದಕ್ಕೆ ಒಂದು ಮಾತು. ಇದು ನಮಗೆ ಹೊಸದಲ್ಲ. ನಾನು ಚಿಕ್ಕವನಿದ್ದಾಗ ಮದುವೆ ಮನೆಯಲ್ಲಿ ಬೀಗರು ಊಟಕ್ಕೆ ಕೂತರೆ ಹೆಂಗಸರು ಒಂದು ಕಡೆ ನಿಂತು ಬೀಗರನ್ನು ಜರಿಯುವ ಹಾಡು ಹೇಳುತ್ತಿದ್ದರು. ಬೀಗರ ಹೊಟ್ಟೆ, ಬೀಗಿತ್ತಿಯ ಜಂಭ, ಅವರು ತಂದ ಸೀರೆಯ ಬಡತನ, ಒಂದನ್ನೂ ಬಿಡುತ್ತಿರಲಿಲ್ಲ. ಆ ಕಡೆಯವರೂ ಸುಮ್ಮನಿರುತ್ತಿರಲಿಲ್ಲ, ಅವರದೂ ಒಂದು ಪದ ಬರುತ್ತಿತ್ತು. ಉರುಟಣೆಯಲ್ಲಿ ವಧೂವರರನ್ನು ಆಡಿಸಿ ನಗುವುದು ಈಗಲೂ ಇದೆ. ಕಾಶಿಯಾತ್ರೆಯೂ ಒಂದು ಬಗೆಯ ಅಣಕವೇ ಅಲ್ಲವೇ, ಕೊಡೆ ಹಿಡಿದು ಸನ್ಯಾಸಕ್ಕೆ ಹೊರಟವನನ್ನು ಭಾವಮೈದುನ ಬೆಲ್ಲ ಕೊಟ್ಟು ತಿರುಗಿಸಿಕೊಂಡು ಬರುವುದು.

ನಮ್ಮ ಅಜ್ಜಿ ಅಂಥ ಹಾಡುಗಳಲ್ಲಿ ಪಳಗಿದವರು. ಎಷ್ಟೇ ಜರಿದರೂ ಮದುಮಗಳ ತಾಯಿಯ ಸುದ್ದಿಗೆ ಹೋಗುತ್ತಿರಲಿಲ್ಲ. "ಅವಳು ಇವತ್ತು ಅಳುವವಳು, ಅವಳನ್ನು ನಗಿಸಬಹುದು, ಅವಳ ಮೇಲೆ ನಗಬಾರದು" ಎನ್ನುತ್ತಿದ್ದರು. ಕೊನೆಗೆ ತಪ್ಪದೆ ಆರತಿ ಹಾಡಿಗೆ ಹೋಗುತ್ತಿದ್ದರು, ಜರಿದ ಬಾಯಲ್ಲೇ.

ನಿರೂಪಕ_ಗದಗ
ಮೇಷ್ಟ್ರ ಮಾತು ಖರೆ. ಆದ್ರ ಆ ಹಾಡಿನಿಂದ ಬಡಿದಾಟ ಆದ ಮದುವಿನೂ ನಮ್ಮ ಕಡೆ ಅವ, ಅದನ್ನೂ ನೆನಪಿಡ್ರಿ. ಹಾಡಿನ್ಯಾಗ ಅಂದ್ರ ಯಾರೋ ಕಟ್ಟಿದ ಪದ ಅಂತ ಬಿಡ್ತಾರ. ಮೈಕಿನ್ಯಾಗ ಅಂದ್ರ ನೀವ ಅಂದಂಗ.

ಹಾಸನದ_ಅಕ್ಕ
ಎಂ-3 ವಿಷಯ ತೆಗೀರಿ. ಫೇಲ್ ಆಗಿದ್ದನ್ನ ಮಾವನ ಮನೆಯವರ ಮುಂದೆ ಹೇಳೋದು ಸರಿಯಲ್ಲ. ಹುಡುಗನ ಅಪ್ಪನಿಗೆ ಎಷ್ಟು ಬೇಜಾರಾಗಬಹುದು.

ಮಲೆನಾಡ್_ಮಳೆ
ಅಕ್ಕಾ, ಅಲ್ಲೊಂದು ತಮಾಷೆ ಇದೆ, ನಾನು ಹೇಳೋದು ಬಿಟ್ಟುಹೋಯ್ತು. ಪದ್ಮಾ ಪಿಯು ಕಾಲೇಜಲ್ಲಿ ಗಣಿತದ ಲೆಕ್ಚರರ್.

ತಿಪಟೂರ್_ತೆಂಗು
ಅಯ್ಯೋ ದೇವರೇ ಇದನ್ನ ಬಚ್ಚಿಟ್ಕೊಂಡು ಕೂತಿದ್ರಾ!!

ಲೆಸ್ಟರ್_ಲೀಲಾ
"ಮೂರು ಸಲ ಪ್ರಯತ್ನಪಟ್ಟರೂ ಗಣಿತ ಒಲಿಯಲಿಲ್ಲ, ಕೊನೆಗೆ ಗಣಿತವನ್ನೇ ಮದುವೆಯಾದ." ಇದನ್ನ ಬಿಡಬೇಡಿ.

ಹಾಸನದ_ಅಕ್ಕ
ನಗು ಬಂತು, ಒಪ್ಪಿದೆ. ಆದ್ರೂ ಹುಡುಗನ ಅಪ್ಪನ್ನ ಒಂದು ಮಾತು ಕೇಳಿ. ಅವರಿಗೆ ಬ್ಯಾಕ್‌ಲಾಗ್ ಇದ್ದಿದ್ದೇ ಗೊತ್ತಿಲ್ಲದೇ ಇರಬಹುದು. ನಮ್ಮನೇಲಿ ಒಬ್ಬ ಹಾಗೆ ಮುಚ್ಚಿಟ್ಟಿದ್ದ.

ನಿರೂಪಕ_ಗದಗ
ಅಕ್ಕಾರು ಹೇಳಿದ್ದು ಭಾಳ ಮುಖ್ಯ. ಗೊತ್ತಿಲ್ಲದ ಸುದ್ದಿ ಮೈಕಿನ್ಯಾಗ ಮೊದಲ ಸಲ ಒಡೀಬಾರದು. ಸೀನನ್ನ ಕೇಳ್ರಿ, "ಇದು ಅಪ್ಪಗ ಗೊತ್ತೇನು, ಪದ್ಮಾಗ ಗೊತ್ತೇನು" ಅಂತ. ಪೂರ್ತಿ ಮಾತು ತೋರಿಸೂದು ಬ್ಯಾಡ, ವಿಷಯ ಅಷ್ಟ ಕೇಳ್ರಿ. ಅಂವಾ ಒಂದು ಸೆಕೆಂಡ್ ಸುಮ್ಮನಾದ್ರೂ ಆ ವಿಷಯ ಕೈಬಿಡ್ರಿ.

ಇನ್ನ ಕೊನೀದು. "ಚಿನ್ನದಂಥ ಹುಡುಗ" ಅಂದ್ರ ಯಾರೂ ನಂಬೂದಿಲ್ಲ, ಎಲ್ಲಾರೂ ಹಂಗ ಅಂತಾರ. ಅಂವಾ ನಿಮಗ ಯಾವಾಗರ ಆಸರಾದ ಒಂದು ಘಟನಾ ಐತೇನು? ಮತ್ತ ಅದು ತಡದ ಕಥೀಗೆ ಕೂಡಬೇಕು. ಒಂದ ದಾರದಾಗ ನಗುನೂ ಬರಬೇಕು, ಕಣ್ಣೀರೂ ಬರಬೇಕು. ರೇಗಿಸೂದು ಒಂದು ಕಡೆ, ಹಾರೈಸೂದು ಇನ್ನೊಂದು ಕಡೆ ಆದ್ರ, ನಡುವ "ಆದರೂ" ಅನ್ನೂ ಪದ ಹಾಕಿ ಹೊಲಿಬೇಕಾಗ್ತದ. ನಿಮ್ಮ ಡ್ರಾಫ್ಟಿನ್ಯಾಗ ಆಗಿದ್ದು ಅದ.

ಮಲೆನಾಡ್_ಮಳೆ
ಇದೆ. ಬರೀತೀನಿ. ನಾನು ಪುಣೆಯಲ್ಲಿದ್ದಾಗ ಅಪ್ಪನಿಗೆ ರಾತ್ರಿ ಸ್ಟ್ರೋಕ್ ಆಗಿ ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಿದ್ರು. ಅಮ್ಮ ಒಬ್ಬರೇ. ನನಗೆ ಬಸ್ ಹತ್ತಿ ಬರೋಕೆ ಬೆಳಗಾಗುತ್ತೆ. ದಾವಣಗೆರೆಯಲ್ಲಿದ್ದ ಸೀನನಿಗೆ ಫೋನ್ ಮಾಡ್ದೆ. "ಐದು ನಿಮಿಷ, ಹೊರಟೆ" ಅಂದ. ಅವನ ಐದು ನಿಮಿಷ ನನಗೆ ಗೊತ್ತಲ್ಲ, ನಾನು ಬೇರೆ ಇನ್ನಿಬ್ಬರಿಗೂ ಫೋನ್ ಮಾಡ್ದೆ. ಆದರೆ ಆವತ್ತು ಅವನು ಐದೇ ನಿಮಿಷಕ್ಕೆ ಹೊರಟಿದ್ದ. ನಾನು ಬೆಳಿಗ್ಗೆ ಹೋದಾಗ ಐಸಿಯು ಹೊರಗಿನ ಬೆಂಚಿನ ಮೇಲೆ ಅಮ್ಮನ ಪಕ್ಕ ಕೂತಿದ್ದ, ಎರಡು ಕಾಲಿಗೂ ಬೇರೆ ಬೇರೆ ಚಪ್ಪಲಿ. ಅಪ್ಪ ಈಗ ಚೆನ್ನಾಗಿದ್ದಾರೆ, ಮದುವೆಗೂ ಬರ್ತಾರೆ.

ಧಾರವಾಡದಾಕಿ
ಬ್ಯಾರೆ ಬ್ಯಾರೆ ಚಪ್ಪಲಿ. ಅಯ್ಯ.

ಮೈಸೂರ್_ಪಾಕ್
ಆಫೀಸಲ್ಲಿ ಓದ್ತಿದೀನಿ, ಅಳಿಸಬೇಡಿ ಮಾರಾಯ್ರೆ

ಲಂಡನ್_ರಿಟರ್ನ್
ಕಥೆ ಒಳ್ಳೇದೇ. ಆದರೆ ಮದುವೆಯಲ್ಲಿ ಆಸ್ಪತ್ರೆ, ಐಸಿಯು ಅಂತ ಮಾತಾಡಬಹುದಾ? ಹಿರಿಯರು ಅಪಶಕುನ ಅಂತಾರೆ.

ಹಾಸನದ_ಅಕ್ಕ
ಇದರಲ್ಲಿ ನಾನು ಲಂಡನ್ನವರ ಕಡೆ. ಐಸಿಯು ಅನ್ನೋ ಪದ ಬೇಡ. "ಅಪ್ಪನಿಗೆ ಹುಷಾರಿರಲಿಲ್ಲ" ಅಂದ್ರೆ ಸಾಕು.

ನಿರೂಪಕ_ಗದಗ
ನನ್ನ ಅನಿಸಿಕಿ ಬ್ಯಾರೆ. ಅಪ್ಪನೋರು ಅಲ್ಲೇ ಮುಂದ ಕುಂತಿರ್ತಾರ, ಆರಾಮ ಅದಾರ, ಅಂದ ಮ್ಯಾಲೆ ಅಪಶಕುನ ಯಾವುದು? ಆದ್ರ ಆಸ್ಪತ್ರಿ ಭಾಗ ಮೂರು ನಾಲ್ಕು ವಾಕ್ಯ ದಾಟಬಾರದು. ಸ್ಟ್ರೋಕು, ಡಾಕ್ಟರ್ ಏನಂದ್ರು, ಬಿಲ್ ಎಷ್ಟಾತು, ಇವೆಲ್ಲಾ ಬ್ಯಾಡ. ಮುಖ್ಯವಾಗಿ ನೀವು ಅಳಬಾರದು. ಮನ್ಯಾಗ ಜೋರಾಗಿ ಹತ್ತು ಸಲ ಓದ್ರಿ, ಗಂಟಲು ಎಲ್ಲಿ ಕಟ್ಟತದ ತಿಳೀತದ. ಆ ವಾಕ್ಯ ಸಣ್ಣದು ಮಾಡ್ರಿ, ಅದರ ಮುಂದ ಒಂದು ಉಸಿರು ಬಿಡ್ರಿ.

ಸೌಂಡ್_ಸಿಸ್ಟಂ
ಎಲ್ಲಾ ಭಾವನೆ ಆಯ್ತು, ಮೈಕ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಓಪನ್ ಲಾನ್ ಅಂದ್ರಲ್ಲ. ರಾತ್ರಿ 10ರ ನಂತರ ಬಯಲಲ್ಲಿ ಸ್ಪೀಕರ್ ಹಾಕೋ ಹಾಗಿಲ್ಲ, ಇದು 2000ದಿಂದ ಇರೋ ನಿಯಮ, ಹೋಟೆಲಿನವರು ಬಂದು ಆಫ್ ಮಾಡಿಸ್ತಾರೆ. ನಮ್ಮ ಮದುವೆಗಳಲ್ಲಿ ಹಾರೈಸೋರ ಸಾಲು 9:30 ಆದ್ರೂ ಕರಗಲ್ಲ. ಸಾಲು ನಿಂತಿರುವಾಗ ಮಾತಾಡಿದ್ರೆ ಯಾರೂ ಕೇಳಲ್ಲ. ಎಲ್ಲರ ಕೈಯಲ್ಲಿ ಗಿಫ್ಟ್ ಕವರ್, ಕಣ್ಣು ಫೋಟೋಗ್ರಾಫರ್ ಮೇಲೆ. ಸಾಲು ಶುರುವಾಗೋ ಮೊದಲೇ, ಹುಡುಗ ಹುಡುಗಿ ಸ್ಟೇಜಿಗೆ ಬಂದು ಕೂತ ತಕ್ಷಣ ಮಾತಾಡಿ. ಅದು 7:30 ಅಂದ್ರೆ ಸರಿಯಾಗಿರುತ್ತೆ.

ಕಾರ್ಡ್‌ಲೆಸ್ ಮೈಕನ್ನ ಗಲ್ಲದಿಂದ ನಾಲ್ಕು ಬೆರಳು ದೂರ ಹಿಡೀರಿ. ನಗು ಬಂದಾಗ ಜನ ಮೈಕ್ ಕೆಳಗೆ ಇಳಿಸ್ತಾರೆ, ಆಮೇಲಿನ ಮಾತು ಯಾರಿಗೂ ಕೇಳಲ್ಲ. ಸ್ಪೀಕರ್ ಬಾಕ್ಸ್ ಮುಂದೆ ನಡ್ಕೊಂಡು ಹೋದ್ರೆ ಕುಂಯ್ ಅನ್ನುತ್ತೆ, ಅದರ ಹಿಂದೆ ನಿಲ್ಲಿ. ಸೆಲ್ ಹೊಸದಾ ಕೇಳಿ. ಆರ್ಕೆಸ್ಟ್ರಾದವರಿಗೆ ಮೊದಲೇ ಹೇಳಿ, ಇಲ್ಲಾಂದ್ರೆ ನಿಮ್ಮ ಚಪ್ಪಲಿ ಕಥೆ ಹಿಂದೆ ಅವರು ಕೀಬೋರ್ಡ್‌ನಲ್ಲಿ ಸೋಲೋ ಶುರು ಮಾಡ್ತಾರೆ.

ತಿಪಟೂರ್_ತೆಂಗು
7:30ಕ್ಕೆ ಮದುಮಗ ಬರ್ತಾನಾ? ಅವನು ಸೀನ 😂

ಮಲೆನಾಡ್_ಮಳೆ
ಸೀನನ್ನ ಕೇಳ್ದೆ. ಎಂ-3 ಅವರಪ್ಪನಿಗೆ ಗೊತ್ತು, ಪದ್ಮಾಗೂ ಗೊತ್ತು, "ಅವಳೇ ದಿನಾ ಹೇಳ್ತಾಳೆ" ಅಂದ. ಆಸ್ಪತ್ರೆ ವಿಷಯ ಅವನಿಗೆ ಹೇಳಿಲ್ಲ, ಅಪ್ಪನನ್ನ ಕೇಳ್ದೆ. "ನನ್ನ ಮಾತು ಬಂದರೆ ಎದ್ದು ನಿಲ್ತೀನಿ, ನೋಡ್ಲಿ ಎಲ್ಲಾ" ಅಂದ್ರು. ಪೂರ್ತಿ ಬರೆದಿದೀನಿ, ನೋಡಿ:

"ನಮಸ್ಕಾರ. ನಾನು ಸೀನನ ಹಾಸ್ಟೆಲ್ ರೂಮ್‌ಮೇಟ್. ನಾಲ್ಕು ವರ್ಷ ಅವನ ಪಕ್ಕದ ಮಂಚದಲ್ಲಿ ಮಲಗಿದವನು. ಪದ್ಮಾ ಅವರೇ, ಗೊರಕೆ ನಿಲ್ಲಿಸೋ ಉಪಾಯ ನನ್ನ ಹತ್ತಿರ ಇದೆ, ಆಮೇಲೆ ಹೇಳ್ತೀನಿ.

ಇಲ್ಲಿರೋ ಎಲ್ಲರಿಗೂ ಸೀನನಿಂದ ಒಂದಲ್ಲ ಒಂದು ದಿನ ಫೋನ್ ಬಂದಿದೆ: 'ಐದು ನಿಮಿಷ, ಬಂದೆ.' ಹೊಸದಾಗಿ ನೆಂಟರಾದವರಿಗೆ ಇದರ ಲೆಕ್ಕ ಹೇಳಿಕೊಡ್ತೀನಿ. 'ಐದು ನಿಮಿಷ' ಅಂದ್ರೆ ಇನ್ನೂ ಸ್ನಾನಕ್ಕೆ ಹೋಗಿಲ್ಲ. 'ದಾರೀಲಿದೀನಿ' ಅಂದ್ರೆ ಚಪ್ಪಲಿ ಹುಡುಕ್ತಿದಾನೆ. 'ಬಂದೇಬಿಟ್ಟೆ' ಅಂದ್ರೆ ನೀವು ಊಟ ಮುಗಿಸಿ ಕೈ ತೊಳೀಬಹುದು.

ಇವತ್ತು ಬೆಳಿಗ್ಗೆ ಮುಹೂರ್ತಕ್ಕೆ ಹೇಗೆ ಸರಿಯಾಗಿ ಬಂದ ಅಂತ ನಿಮಗೆ ಆಶ್ಚರ್ಯ ಆಗಿರಬಹುದು. ಅವರಮ್ಮ ಅವನಿಗೆ ಕೊಟ್ಟ ಲಗ್ನಪತ್ರಿಕೆಯಲ್ಲಿ ಮುಹೂರ್ತ ಒಂದು ಗಂಟೆ ಮುಂಚೆ ಇತ್ತು.

ಹುಡುಗಿ ನೋಡೋಕೆ ಹೋದ ದಿನವೂ ತಡ. ಅಪ್ಪ ಅಮ್ಮ ಬಂದು ಕೂತಿದ್ದಾರೆ, ಹುಡುಗನಿಲ್ಲ. ಬೇರೆ ಹುಡುಗಿ ಆಗಿದ್ರೆ ಒಳಗೆ ಹೋಗಿ ಅಳ್ತಿದ್ಲೋ ಏನೋ. ಪದ್ಮಾ ಹೊರಗೆ ಬಂದು, ಅವಲಕ್ಕಿ ಆರಿಹೋಗುತ್ತೆ ನೀವು ತಿನ್ನಿ ಅಂತ ಎಲ್ಲರಿಗೂ ಬಡಿಸಿ, ಅವನ ಪಾಲನ್ನ ತಾನೇ ತಿಂದಳು. ಸೀನ ಬಂದಾಗ ಖಾಲಿ ತಟ್ಟೆ. ಆ ರಾತ್ರಿ ನನಗೆ ಫೋನ್ ಮಾಡಿ 'ಲೋ, ಹುಡುಗಿ ಅಂದ್ರೆ ಹೀಗಿರಬೇಕು' ಅಂದ. ಇಂಜಿನಿಯರಿಂಗ್‌ನಲ್ಲಿ ಮೂರು ಸಲ ಪರೀಕ್ಷೆ ಬರೆದರೂ ಗಣಿತ ಅವನಿಗೆ ಒಲಿಯಲಿಲ್ಲ. ಕೊನೆಗೆ ಗಣಿತವನ್ನೇ ಮದುವೆ ಆದ.

ಎಲ್ಲರೂ ನಿಮ್ಮ ಮುಂದಿರೋ ಲೋಟ ಕೈಗೆ ತಗೊಳ್ಳಿ. ಒಂದೇ ಒಂದು ಮಾತು ಬಾಕಿ.

ಒಂದು ರಾತ್ರಿ ನಮ್ಮಪ್ಪನಿಗೆ ಹುಷಾರು ತಪ್ಪಿತು. ನಾನು ದೂರದ ಊರಲ್ಲಿದ್ದೆ. ಸೀನನಿಗೆ ಫೋನ್ ಮಾಡಿದೆ. 'ಐದು ನಿಮಿಷ, ಹೊರಟೆ' ಅಂದ. ನಾನು ನಂಬಲಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಬಂದು ನೋಡಿದರೆ ನಮ್ಮಮ್ಮನ ಪಕ್ಕ ಕೂತಿದ್ದ. ಒಂದು ಕಾಲಲ್ಲಿ ಕಪ್ಪು ಚಪ್ಪಲಿ, ಒಂದು ಕಾಲಲ್ಲಿ ಕಂದು. ಹುಡುಕೋಕೆ ನಿಂತಿರಲಿಲ್ಲ ಅವನು.

ಪದ್ಮಾ, ಸಿನಿಮಾಗೆ ತಡ ಮಾಡ್ತಾನೆ, ಊಟಕ್ಕೆ ತಡ ಮಾಡ್ತಾನೆ, ನಿಮ್ಮ ತವರಿಗೆ ಹೊರಡುವಾಗಲಂತೂ ಖಂಡಿತ ತಡ ಮಾಡ್ತಾನೆ. ಬೇಕಾದಾಗ ಮಾತ್ರ ನಿಮಗಿಂತ ಮೊದಲೇ ಬಂದು ಕೂತಿರ್ತಾನೆ. ಎಲ್ಲರೂ ಎದ್ದು ನಿಲ್ಲಿ. ಸೀನ ಮತ್ತು ಪದ್ಮಾ ಚೆನ್ನಾಗಿರಲಿ!"

ನಿರೂಪಕ_ಗದಗ
ಅಡ್ಡಿಯಿಲ್ಲ, ಭಾಳ ಚಲೋ ಆತು. ಲೋಟದ ಮಾತು ಕೊನೀ ಕಥೀಗಿಂತ ಮೊದಲ ಇಟ್ಟಿದ್ದು ಸರಿ. ಎಷ್ಟೋ ಮಂದಿ ಕೊನಿಗೆ "ಲೋಟ ಎತ್ತರಿ" ಅಂತಾರ, ಆಗ ಅರ್ಧ ಮಂದಿ ಲೋಟ ಹುಡುಕ್ತಾರ, ಭಾವ ಎಲ್ಲಾ ಹರಿದು ಹೋಗ್ತದ. ಆದ್ರ ನೂರೈವತ್ತು ಲೋಟ ತುಂಬಾಕ ಬಡಿಸೋರಿಗೆ ಕಡಿಮಿ ಅಂದ್ರೂ ಹತ್ತು ನಿಮಿಷ ಬೇಕು. ನೀವು ಮೈಕ್ ಹಿಡಿಯೂದರೊಳಗ ಟೇಬಲ್ ಮ್ಯಾಲೆ ಇರಬೇಕು ಅಂತ ಅಡಿಗಿಯವರಿಗೆ ಹೇಳಿಡ್ರಿ.

ಎರಡು ತಿದ್ದುಪಡಿ. "ಬೇರೆ ಹುಡುಗಿ ಆಗಿದ್ರೆ ಅಳ್ತಿದ್ಲೋ" ಬ್ಯಾಡ, ಒಬ್ಬಾಕಿನ್ನ ಹೊಗಳಾಕ ಉಳಿದವರನ್ನ ಯಾಕ ಇಳಿಸಬೇಕು. ಮತ್ತ "ಗಣಿತವನ್ನೇ ಮದುವೆ ಆದ" ಅಂದ ಮ್ಯಾಲೆ ಸುಮ್ಮನ ನಿಲ್ರಿ. ಅಲ್ಲಿ ನಗು ಜೋರು ಬರ್ತದ, ನಗು ಅರ್ಧ ಇಳಿದಾಗ "ಎಲ್ಲರೂ ಲೋಟ" ಅನ್ರಿ. ಪೂರಾ ಇಳಿಯೂಮಟ ಕಾಯಬ್ಯಾಡ್ರಿ.

ಧಾರವಾಡದಾಕಿ
ಮುಹೂರ್ತದ ಪತ್ರಿಕಿ ಮಾತು ಖರೇನೋ ಸುಳ್ಳೋ?

ಮಲೆನಾಡ್_ಮಳೆ
ಸುಳ್ಳು. ಆದರೆ ಅವರಮ್ಮನಿಗೆ ಹೇಳಿದ್ದಕ್ಕೆ "ಒಳ್ಳೇ ಉಪಾಯ, ನಿಜವಾಗ್ಲೂ ಮಾಡಿಸ್ತೀನಿ" ಅಂತಿದ್ದಾರೆ.

ಹಾಸನದ_ಅಕ್ಕ
ಗೊರಕೆ ಜೋಕು ಅಜ್ಜಿ ಮುಂದೆ ಸ್ವಲ್ಪ... ಮಂಚ, ಮಲಗೋದು ಅಂತೆಲ್ಲ ಬರುತ್ತೆ. ಮೊದಲ ಸಾಲಲ್ಲೇ ಬೇಕಾ?

ಮೈಸೂರ್_ಪಾಕ್
ಅಕ್ಕಾ ಗೊರಕೆಗೂ ಬೇಡ ಅಂದ್ರೆ ಇನ್ನೇನು ಹೇಳೋದು

ಹಾಸನದ_ಅಕ್ಕ
ನನ್ನ ಅಭಿಪ್ರಾಯ ಹೇಳಿದೆ ಅಷ್ಟೆ. "ಒಂದೇ ರೂಮಲ್ಲಿದ್ದವನು" ಅಂದ್ರೆ ಸಾಕು, ಗೊರಕೆ ಬೇಕಾದ್ರೆ ಇರಲಿ.

ಲಂಡನ್_ರಿಟರ್ನ್
ಲೋಟದಲ್ಲಿ ಏನು ಇರುತ್ತೆ ಅಂತ ಯಾರೂ ಕೇಳ್ಲಿಲ್ಲ. ಟೋಸ್ಟ್ ಅಂದ್ರೆ ಕನಿಷ್ಠ ವೈನ್ ಬೇಕು.

ನಿವೃತ್ತ_ಮೇಷ್ಟ್ರು
ವೈನ್ ಎಂದರೆ ಅಜ್ಜಿಯರ ಸಾಲು ಪೂರ್ತಿ ಎದ್ದು ಹೋಗುತ್ತದೆ. ಬೆಲ್ಲದ ಪಾನಕ ಇಡಿ, ನಿಂಬೆ ಏಲಕ್ಕಿ ಹಾಕಿ. ಅಥವಾ ಲೋಟವೇ ಬೇಡ, ಎಲ್ಲರ ಕೈಗೂ ಅಕ್ಷತೆ ಕೊಡಿ, ಮಾತು ಮುಗಿದ ಮೇಲೆ ಹಾಕಲಿ.

ಧಾರವಾಡದಾಕಿ
ಅಕ್ಕಿಕಾಳು ಬೆಳಿಗ್ಗೆನ ಹಾಕಿರ್ತಾರಲ್ಲ ಮೇಷ್ಟ್ರ, ಸಂಜಿಗೆ ಮತ್ತ ಹಾಕೂದು ನಮ್ಮಲ್ಲಿ ಇಲ್ಲ. ಮತ್ತ ಹುಲ್ಲಿನ್ಯಾಗ ಬಿದ್ದದ್ದು ಆರಿಸೋರು ಯಾರು?

ಲೆಸ್ಟರ್_ಲೀಲಾ
ಪಾನಕವೇ ಸರಿ. ಇಲ್ಲೂ ಕುಡಿಯದವರು ಜ್ಯೂಸ್ ಎತ್ತುತ್ತಾರೆ, ಯಾರೂ ಏನೂ ಅನ್ನಲ್ಲ. ಪಾರದರ್ಶಕ ಗಾಜಿನ ಲೋಟ ಮಾತ್ರ ಬೇಡ. ಪಾನಕದ ಬಣ್ಣ ನೋಡಿ ಯಾರಾದ್ರೂ ದೂರದಿಂದ ವಿಸ್ಕಿ ಅಂದ್ಕೋತಾರೆ.

ತಿಪಟೂರ್_ತೆಂಗು
ಎಳನೀರು ಇಡಿ. ನಮ್ಮೂರಿಂದ ಲೋಡ್ ಕಳಿಸ್ತೀನಿ, ರೇಟು ಮಾತಾಡೋಣ

ಧಾರವಾಡದಾಕಿ
ನೂರೈವತ್ತು ಎಳನೀರು ಎತ್ತಿ "ಚಿಯರ್ಸ್" ಅಂದ್ರ ಯಾರದರ ತಲಿ ಒಡೀತದ.

ಮತ್ತ ಮಳೆಯವ್ರ, ನೀವು ಮುಗಿಸಿದ ಮ್ಯಾಲೆ ನಮ್ಮ ಕಡೆ ಹೆಂಗಸರು ಪದ್ಮಾಗ "ಹೆಸರು ಹೇಳು" ಅಂತ ಗಂಟು ಬೀಳ್ತಾರ, ಒಡಪು ಹೇಳಸ್ತಾರ. ಮೈಕ್ ಹಂಗ ಆಕಿ ಕೈಗೆ ಕೊಡ್ರಿ. ನಾ ಒಂದು ಕಟ್ಟೀನಿ, ಆಕಿಗೆ ಗುಟ್ಟಾಗಿ ಮುಟ್ಟಸ್ರಿ:

"ಲೈನ್ ಬಜಾರಿನ ಪೇಡಾ, ತಿನ್ನಾಕ ತಡ ಮಾಡಬ್ಯಾಡಾ,
ಸೀನರಾಯರು ಐದು ನಿಮಿಷ ಅಂದ್ರ ಯಾರೂ ನಂಬಬ್ಯಾಡಾ."

ಸವಿನುಡಿ_ಸೋಮಣ್ಣ
ಇದು ಚೆನ್ನಾಗಿದೆ. ನಮ್ಮ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಬಳಸಬಹುದೇ?

ಧಾರವಾಡದಾಕಿ
ಸೀನ ಅನ್ನೂ ಹೆಸರಿನ ಗಂಡ ಇದ್ದಾಕಿ ಬೇಕಲ್ರಿ ಅದಕ್ಕ.

ಮಲೆನಾಡ್_ಮಳೆ
ಒಡಪು ಪದ್ಮಾ ತಂಗಿಗೆ ಕಳಿಸಿದೀನಿ, ಪದ್ಮಾಗೆ ಮುಟ್ಟಿಸ್ತಾಳಂತೆ. ಅಳ್ತಿದ್ಲೋ ವಾಕ್ಯ ತೆಗೆದೆ. ಗೊರಕೆ ಇರಲಿ ಅಂತಿದೀನಿ, ಅಜ್ಜಿಗೇ ಗೊತ್ತು ಅದು. ಪಾನಕ ಅಂತ ಅಡುಗೆಯವರಿಗೆ ಹೇಳಿದ್ರೆ "ಸ್ಟೀಲ್ ಲೋಟಕ್ಕೆ ಬೇರೆ ಬಾಡಿಗೆ" ಅಂತಿದ್ದಾರೆ. ಪೇಪರ್ ಕಪ್ ಆಗುತ್ತಾ?

ಲಂಡನ್_ರಿಟರ್ನ್
ಪೇಪರ್ ಕಪ್ಪಿನಲ್ಲಿ ಟೋಸ್ಟಾ? ಟಣ್ ಅಂತ ಶಬ್ದವೇ ಬರಲ್ಲ.

ನಿರೂಪಕ_ಗದಗ
ಶಬ್ದ ಬರದಿದ್ರ ಚಪ್ಪಾಳಿ ಕೇಳಸ್ತದ. ಆದ್ರ ಪೇಪರ್ ಕಪ್ ಗಾಳಿಗೆ ಹಾರ್ತಾವ, ಶ್ರಾವಣದ ಸಂಜಿ ಹುಬ್ಬಳ್ಯಾಗ ಗಾಳಿ ಇದ್ದೇ ಇರ್ತದ. ಮಳಿ ಬಂದ್ರ ಒಳಗ ಹಾಲ್ ಐತೇನು ಅಂತ ಮೊದಲ ಕೇಳ್ರಿ.

ಸೌಂಡ್_ಸಿಸ್ಟಂ
ಒಳಗೆ ಹೋದ್ರೆ ಸ್ಪೀಕರ್ ಸ್ಟ್ಯಾಂಡ್ ಮತ್ತೆ ಸೆಟ್ ಮಾಡೋಕೆ ಅರ್ಧ ಗಂಟೆ ಬೇಕು. ಈಗಲೇ ನಿಮ್ಮ ಸೌಂಡ್‌ನವರಿಗೆ ಫೋನ್ ಮಾಡಿ, ಎರಡೂ ಕಡೆ ಕೇಬಲ್ ಎಳೆದಿಡೋಕೆ ಹೇಳಿ.